ಮಗು ಮನೆಗೆ ಬಂದ ದಿನದಿಂದ ಲೆಕ್ಕ

ಕಂಪನಿಯ ರಜೆ ಅರ್ಜಿಯಲ್ಲಿ ‘ಹೆರಿಗೆಯ ನಿರೀಕ್ಷಿತ ದಿನಾಂಕ’ ಎಂಬ ಖಾನೆ ಇರುತ್ತದೆ. ಅದರ ಪಕ್ಕದಲ್ಲೇ ಕೆಂಪು ಚುಕ್ಕಿ. ತುಂಬದೆ ಬಿಟ್ಟರೆ ಅರ್ಜಿ ಮುಂದಕ್ಕೆ ಹೋಗುವುದಿಲ್ಲ. ಕೆಳಗೆ ವೈದ್ಯರ ಪ್ರಮಾಣಪತ್ರ ಸೇರಿಸಲು ಜಾಗ. ಗಂಡನ ಅರ್ಜಿಯಲ್ಲಿ ‘ಪತ್ನಿಯ ಹೆರಿಗೆಯಾದ ಆಸ್ಪತ್ರೆ’ ಎಂಬ ಇನ್ನೊಂದು ಖಾನೆ. ದತ್ತು ಮಗುವನ್ನು ಮನೆಗೆ ಕರೆತರಲು ಹೊರಟ ದಂಪತಿಗೆ ಈ ಮೂರರಲ್ಲಿ ಒಂದನ್ನೂ ತುಂಬಲು ಆಗುವುದಿಲ್ಲ.

ಎಚ್‌ಆರ್ ವಿಭಾಗಕ್ಕೆ ಮೇಲ್ ಹಾಕಿದರೆ ಉತ್ತರ ಬಹುತೇಕ ಸೌಜನ್ಯದ್ದೇ ಆಗಿರುತ್ತದೆ: ‘ಅಭಿನಂದನೆಗಳು. ಆದರೆ ನಮ್ಮ ಪಾಲಿಸಿಯಲ್ಲಿ ಇದಕ್ಕೆ ಅವಕಾಶವಿಲ್ಲ.’ ಎಷ್ಟೋ ದಂಪತಿಗಳು ಅಲ್ಲಿಗೇ ಸುಮ್ಮನಾಗುತ್ತಾರೆ. ಉಳಿದ ಗಳಿಕೆ ರಜೆಯನ್ನು ಒಟ್ಟುಮಾಡಿ, ಸಾಲದಿದ್ದರೆ ಸಂಬಳವಿಲ್ಲದ ರಜೆ ಹಾಕಿ, ಮಗುವಿನ ಮೊದಲ ವಾರಗಳನ್ನು ಹೇಗೋ ದಾಟುತ್ತಾರೆ. ಹಾಗೆ ಸುಮ್ಮನಾಗಬೇಕಾದ ಅಗತ್ಯ ಇಲ್ಲ. ಪಾಲಿಸಿಯಲ್ಲಿ ಒಂದು ವಿಷಯದ ಪ್ರಸ್ತಾಪವೇ ಇಲ್ಲದಿರುವುದು ಬೇರೆ, ಅದನ್ನು ಪಾಲಿಸಿ ನಿರಾಕರಿಸಿರುವುದು ಬೇರೆ. ಈ ವ್ಯತ್ಯಾಸ ಎಷ್ಟು ದೂರ ಒಯ್ಯಬಲ್ಲದು ಎಂಬುದಕ್ಕೆ ಛತ್ತೀಸ್‌ಗಢ ಹೈಕೋರ್ಟಿನ ಒಂದು ತೀರ್ಪೇ ಸಾಕ್ಷಿ.

ರಾಯ್ಪುರದ ಪ್ರಕರಣ

ರಾಯ್ಪುರದ ಐಐಎಂನಲ್ಲಿ ಆಡಳಿತ ವಿಭಾಗದ ಅಧಿಕಾರಿಯಾಗಿದ್ದ ಮಹಿಳೆಯೊಬ್ಬರು 2023ರ ನವೆಂಬರಿನಲ್ಲಿ ಎರಡು ದಿನದ ಹೆಣ್ಣುಮಗುವನ್ನು ದತ್ತು ಪಡೆದರು. 180 ದಿನಗಳ ದತ್ತು ರಜೆಗೆ ಅರ್ಜಿ ಹಾಕಿದರು. ಸಂಸ್ಥೆಯ ಎಚ್‌ಆರ್ ಪಾಲಿಸಿಯಲ್ಲಿ ದತ್ತು ರಜೆ ಎಂಬುದೇ ಇರಲಿಲ್ಲ. ಹಾಗಾಗಿ ಅರ್ಜಿ ತಿರಸ್ಕೃತವಾಯಿತು. ಬದಲಿಗೆ 60 ದಿನಗಳ ಪರಿವರ್ತಿತ ರಜೆ ಕೊಡಬಹುದು ಎಂದಿತು ಸಂಸ್ಥೆ. ಮುಂದೆ ಅವರಿಗೆ ಹೆರಿಗೆ ಸೌಲಭ್ಯ ಕಾಯ್ದೆಯ ಲೆಕ್ಕದಲ್ಲಿ 84 ದಿನ, ಅಂದರೆ 12 ವಾರ ಸಿಕ್ಕಿತು. ಉಳಿದ ದಿನಗಳಿಗಾಗಿ ಅವರು ಹೈಕೋರ್ಟಿಗೆ ಹೋದರು.

2025ರ ಮೇ ತಿಂಗಳಲ್ಲಿ ನ್ಯಾಯಾಲಯ ಅವರ ಪರವಾಗಿ ತೀರ್ಪು ಕೊಟ್ಟಿತು. ಹೆತ್ತ ತಾಯಿ, ದತ್ತು ತಾಯಿ, ಬಾಡಿಗೆ ಗರ್ಭದ ಮೂಲಕ ಮಗು ಪಡೆದ ತಾಯಿ ಎಂದು ತಾಯ್ತನದಲ್ಲಿ ಭೇದ ಮಾಡುವಂತಿಲ್ಲ ಎಂದಿತು. ಪತ್ರಿಕೆಗಳು ಎತ್ತಿ ತೋರಿಸಿದ್ದು ಈ ಮಾತನ್ನೇ. ಅರ್ಜಿ ಬರೆಯುವವರಿಗೆ ಅದಕ್ಕಿಂತ ಉಪಯೋಗಕ್ಕೆ ಬರುವ ಅಂಶ ಇನ್ನೊಂದಿದೆ. ತನ್ನ ನಿಯಮಗಳಲ್ಲಿ ಇಲ್ಲದ ವಿಷಯಕ್ಕೆ ಕೇಂದ್ರ ಸರ್ಕಾರದ ನಿಯಮ ಅನ್ವಯಿಸುತ್ತದೆ ಎಂದು ಸಂಸ್ಥೆಯ ಪಾಲಿಸಿಯಲ್ಲೇ ಬರೆದಿತ್ತು. ಕೇಂದ್ರ ನೌಕರರ 1972ರ ರಜೆ ನಿಯಮಗಳಲ್ಲಿ ದತ್ತು ರಜೆ ಸ್ಪಷ್ಟವಾಗಿಯೇ ಇದೆ: ಒಂದು ವರ್ಷದೊಳಗಿನ ಮಗುವನ್ನು ದತ್ತು ಪಡೆದ, ಇಬ್ಬರಿಗಿಂತ ಕಡಿಮೆ ಮಕ್ಕಳಿರುವ ಮಹಿಳಾ ನೌಕರರಿಗೆ 180 ದಿನ. ಪಾಲಿಸಿಯಲ್ಲಿ ಖಾಲಿ ಉಳಿದಿದ್ದ ಜಾಗವನ್ನು ಆ ನಿಯಮ ತುಂಬಿತು.

ಈ ತೀರ್ಪನ್ನು ಹಿಡಿದುಕೊಂಡು ಬೆಂಗಳೂರಿನ ಖಾಸಗಿ ಕಂಪನಿಯ ಮುಂದೆ 180 ದಿನ ಕೊಡಿ ಎಂದು ಪಟ್ಟು ಹಿಡಿದರೆ ಅದು ನಿಲ್ಲುವುದಿಲ್ಲ. ಖಾಸಗಿ ಕಂಪನಿಗೆ ಕೇಂದ್ರ ನೌಕರರ ನಿಯಮ ತಾನಾಗಿ ಅನ್ವಯಿಸದು. ಆದರೆ ಪಾಲಿಸಿಯನ್ನು ಹೇಗೆ ಓದಬೇಕು ಎಂಬುದನ್ನು ಈ ಪ್ರಕರಣ ಕಲಿಸುತ್ತದೆ. ‘ಹೆರಿಗೆ ರಜೆ’ ಎಂಬ ಅಧ್ಯಾಯಕ್ಕೆ ಓದು ನಿಲ್ಲಿಸಬಾರದು. ಕೊನೆಯ ಪುಟಗಳಲ್ಲಿ ಸಾಮಾನ್ಯವಾಗಿ ಎರಡು ವಾಕ್ಯಗಳು ಸಿಗುತ್ತವೆ. ಇಲ್ಲಿ ಹೇಳದ ವಿಷಯಗಳಲ್ಲಿ ಚಾಲ್ತಿಯಲ್ಲಿರುವ ಕಾನೂನು ಅನ್ವಯಿಸುತ್ತದೆ ಎನ್ನುವುದು ಒಂದು. ವಿಶೇಷ ಸಂದರ್ಭಗಳಲ್ಲಿ ಆಡಳಿತ ಮಂಡಳಿ ರಿಯಾಯಿತಿ ಕೊಡಬಹುದು ಎನ್ನುವುದು ಇನ್ನೊಂದು. ದಂಪತಿಯ ಅರ್ಜಿ ಕಾಲೂರಬೇಕಾದದ್ದು ಈ ಎರಡರಲ್ಲೊಂದರ ಮೇಲೆ.

ಮೂರು ತಿಂಗಳ ಗೋಡೆ

ಚಾಲ್ತಿಯಲ್ಲಿರುವ ಕಾನೂನು ಏನು ಹೇಳುತ್ತದೆ? 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ದೊಡ್ಡ ತಿದ್ದುಪಡಿ ಆಯಿತು. ಮೊದಲ ಎರಡು ಮಕ್ಕಳ ಹೆರಿಗೆಗೆ ಸಂಬಳಸಹಿತ ರಜೆ 12 ವಾರದಿಂದ 26 ವಾರಕ್ಕೆ ಏರಿತು. ಅದೇ ತಿದ್ದುಪಡಿಯಲ್ಲಿ ದತ್ತು ತಾಯಿಯ ಹೆಸರು ಮೊದಲ ಸಲ ಕಾಯ್ದೆಯೊಳಗೆ ಬಂತು. ಮೂರು ತಿಂಗಳೊಳಗಿನ ಮಗುವನ್ನು ಕಾನೂನುಬದ್ಧವಾಗಿ ದತ್ತು ಪಡೆದ ಮಹಿಳೆಗೆ, ಮಗುವನ್ನು ಅವಳ ಕೈಗೆ ಒಪ್ಪಿಸಿದ ದಿನದಿಂದ 12 ವಾರಗಳ ಸಂಬಳಸಹಿತ ರಜೆ. ಹತ್ತು ಅಥವಾ ಹೆಚ್ಚು ಜನ ದುಡಿಯುವ ಅಂಗಡಿ, ಕಚೇರಿಗಳಿಗೆ ಈ ಕಾಯ್ದೆ ಅನ್ವಯವಾಗುತ್ತಿತ್ತು. ಅದಕ್ಕಿಂತ ಕಡಿಮೆ ಕೊಡುತ್ತೇವೆ ಎಂದು ಪಾಲಿಸಿ ಬರೆದುಕೊಂಡರೂ ಕಾನೂನೇ ಮೇಲು. ಹೆಚ್ಚು ಕೊಡುತ್ತೇವೆ ಎಂದರೆ ಅದಕ್ಕೆ ಅಡ್ಡಿಯಿಲ್ಲ.

ಓದಲು ಉದಾರವಾಗಿ ಕಾಣುವ ಈ ಕಲಮಿನ ಕಷ್ಟವೆಲ್ಲ ‘ಮೂರು ತಿಂಗಳೊಳಗಿನ’ ಎಂಬಲ್ಲಿತ್ತು. ದೇಶದಲ್ಲಿ ಅನಾಥ, ಪರಿತ್ಯಕ್ತ ಮತ್ತು ಒಪ್ಪಿಸಲ್ಪಟ್ಟ ಮಕ್ಕಳ ದತ್ತು ನಡೆಯುವುದು ಬಾಲನ್ಯಾಯ ಕಾಯ್ದೆಯಡಿ, ಕೇಂದ್ರ ದತ್ತು ಸಂಪನ್ಮೂಲ ಪ್ರಾಧಿಕಾರದ, ಅಂದರೆ ಕಾರಾದ ಮೂಲಕ. ಸಾಕಲಾಗದೆ ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಗೆ ಒಪ್ಪಿಸಿದ ಹೆತ್ತವರಿಗೆ ಮನಸ್ಸು ಬದಲಿಸಲು ಎರಡು ತಿಂಗಳ ಅವಕಾಶವಿದೆ. ಬಿಟ್ಟುಹೋದ ಮಗುವಾದರೆ ಹೆತ್ತವರ ಹುಡುಕಾಟ ನಡೆಯಬೇಕು. ಎರಡು ವರ್ಷದೊಳಗಿನ ಮಗುವಿನ ವಿಷಯದಲ್ಲಿ ಇದಕ್ಕೆ ನಿಗದಿಯಾದ ಅವಧಿಯೂ ಎರಡು ತಿಂಗಳೇ. ಅದಾದ ಮೇಲಷ್ಟೇ ಮಗು ದತ್ತು ಕೊಡಲು ಕಾನೂನುಬದ್ಧವಾಗಿ ಮುಕ್ತ ಎಂದು ಸಮಿತಿ ಘೋಷಿಸುತ್ತದೆ.

ಅಲ್ಲಿಂದ ಮಗುವಿನ ವಿವರ ಕಾರಾದ ಪೋರ್ಟಲಿಗೆ ಏರಬೇಕು, ಸರದಿಯಲ್ಲಿರುವ ದಂಪತಿಗೆ ಹೋಗಬೇಕು. 2022ರ ದತ್ತು ನಿಯಮಾವಳಿಯ ಪ್ರಕಾರ ದಂಪತಿ 48 ಗಂಟೆಯೊಳಗೆ ಮಗುವನ್ನು ಕಾಯ್ದಿರಿಸಬೇಕು, 30 ದಿನದೊಳಗೆ ಭೇಟಿ ಮಾಡಿ ಒಪ್ಪಿಗೆ ಕೊಡಬೇಕು. ಒಪ್ಪಿಗೆಯಾದ 10 ದಿನದೊಳಗೆ ಮಗುವನ್ನು ದತ್ತುಪೂರ್ವ ಪೋಷಣೆಗೆಂದು ಅವರ ಮನೆಗೆ ಕಳಿಸಲಾಗುತ್ತದೆ. ಹುಟ್ಟಿದ ದಿನವೇ ಸಮಿತಿಯ ಮುಂದೆ ಬಂದ ಕೂಸಿನ ವಿಷಯದಲ್ಲಿ ಒಂದು ದಿನವೂ ವ್ಯರ್ಥವಾಗದೆ ಎಲ್ಲ ನಡೆದರೂ ಮೂರು ತಿಂಗಳು ಮುಗಿಯುವ ಹೊತ್ತಿಗೆ ಅದು ಮನೆ ಸೇರಿದರೆ ಅದೃಷ್ಟ. ವೈದ್ಯಕೀಯ ತಪಾಸಣೆ ವಾರ ತಡವಾದರೆ, ಪೊಲೀಸ್ ವರದಿ ಬರಲು ಹತ್ತು ದಿನ ಹಿಡಿದರೆ ಗಡುವು ದಾಟಿತು. ಹೀಗೆ ಒಂದು ಕಾಯ್ದೆ ಮಗುವಿನ ರಕ್ಷಣೆಗಾಗಿ ತೆಗೆದುಕೊಳ್ಳುವ ಸಮಯವನ್ನೇ ಇನ್ನೊಂದು ಕಾಯ್ದೆ ತಾಯಿಯ ರಜೆಗೆ ಅಡ್ಡ ಇಟ್ಟಿತು. ಹಿಂದೂ ದತ್ತಕ ಕಾಯ್ದೆಯಡಿ ಕುಟುಂಬಗಳ ನಡುವೆ ನೇರವಾಗಿ, ನೋಂದಾಯಿತ ಪತ್ರದ ಮೂಲಕ ನಡೆಯುವ ದತ್ತಿನಲ್ಲಿ ಎಳೆಗೂಸು ಬೇಗ ಮಡಿಲು ಸೇರಬಹುದು. ಕಾರಾದ ಸರದಿಯಲ್ಲಿ ವರ್ಷಗಟ್ಟಲೆ ಕಾದವರಿಗೆ ಆ ಅನುಕೂಲ ಇಲ್ಲ.

ಇಬ್ಬರು ಮಕ್ಕಳನ್ನು ದತ್ತು ಪಡೆದ ತಾಯಿಯೊಬ್ಬರು 2021ರಲ್ಲಿ ಈ ಮಿತಿಯನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದರು. 2024ರ ನವೆಂಬರಿನಲ್ಲಿ ನ್ಯಾಯಪೀಠ ಮೂರು ತಿಂಗಳೆಂಬ ಈ ಗೆರೆ ಎಳೆಯಲು ಆಧಾರವೇನೆಂದು ಕೇಂದ್ರ ಸರ್ಕಾರವನ್ನು ಕೇಳಿತು. ಈ ನಡುವೆ ಹಳೆಯ ಕಾಯ್ದೆಯ ಜಾಗಕ್ಕೆ 2020ರ ಸಾಮಾಜಿಕ ಭದ್ರತಾ ಸಂಹಿತೆ ಬಂತು. ಸಂಸತ್ತು ಅಂಗೀಕರಿಸಿದ ಅದರ 60(4)ನೇ ಕಲಮಿನಲ್ಲೂ ಅದೇ ಮೂರು ತಿಂಗಳು ಇತ್ತು. ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂದಾಗ ವಿವಾದವೂ ಹೊಸ ಕಲಮಿನ ಬೆನ್ನು ಹತ್ತಿತು. ಹಾಗಾಗಿ ಅರ್ಜಿ ಬರೆಯುವ ದಂಪತಿ ಎಚ್‌ಆರ್ ತೋರಿಸುವ ಹಳೆಯ ಪಾಲಿಸಿ ಪುಸ್ತಕವನ್ನಾಗಲಿ, ಎಂದೋ ಓದಿದ ಲೇಖನವನ್ನಾಗಲಿ ನೆಚ್ಚಿಕೊಳ್ಳಬಾರದು. 60(4)ನೇ ಕಲಂ ಕುರಿತು ಸುಪ್ರೀಂ ಕೋರ್ಟಿನ ಇತ್ತೀಚಿನ ಆದೇಶ ಏನೆಂದು ಕಾರ್ಮಿಕ ಕಾನೂನು ಬಲ್ಲ ವಕೀಲರಲ್ಲಿ ವಿಚಾರಿಸಿಯೇ ಅರ್ಜಿಯ ಮೊದಲ ಸಾಲು ಬರೆಯಬೇಕು.

ಗಂಡನ ಸ್ಥಿತಿ ಇನ್ನೂ ಸರಳ. ಖಾಸಗಿ ವಲಯದ ತಂದೆಗೆ, ಮಗು ಹೆತ್ತದ್ದಿರಲಿ ದತ್ತು ಪಡೆದದ್ದಿರಲಿ, ರಜೆ ಕೊಡಲೇಬೇಕೆಂದು ಈ ಕಾಯ್ದೆಯಲ್ಲೂ ಇಲ್ಲ, ಆ ಸಂಹಿತೆಯಲ್ಲೂ ಇಲ್ಲ. ಕಂಪನಿ ತಾನಾಗಿ ಕೊಟ್ಟರೆ ಉಂಟು. ಕೇಂದ್ರ ಸರ್ಕಾರದ ಪುರುಷ ನೌಕರರಿಗೆ ಮಾತ್ರ ಒಂದು ವರ್ಷದೊಳಗಿನ ಮಗುವನ್ನು ದತ್ತು ಪಡೆದಾಗ 15 ದಿನದ ರಜೆ ಇದೆ. ಅದನ್ನು ಆರು ತಿಂಗಳೊಳಗೆ ಬಳಸಿಕೊಳ್ಳಬೇಕು.

ಯಾವ ಕಾಗದ, ಯಾವ ದಿನ

ಕಂಪನಿ ರಜೆ ಕೊಡಲು ಮನಸ್ಸು ಮಾಡಿದ ಮೇಲೂ ಕೆಲಸ ಕೆಡುವುದು ದಿನಾಂಕದ ವಿಷಯದಲ್ಲಿ. ಒಂದು ಕಾಲ್ಪನಿಕ ದಂಪತಿಯನ್ನು ಇಟ್ಟುಕೊಂಡು ಇದನ್ನು ಹೆಜ್ಜೆ ಹೆಜ್ಜೆಯಾಗಿ ನೋಡಬಹುದು. ಇಬ್ಬರೂ ಬೆಂಗಳೂರಿನ ಒಂದೇ ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾರೆ. ಪಾಲಿಸಿಯಲ್ಲಿ ಹೆತ್ತ ತಾಯಿಗೆ 26 ವಾರ, ‘ಪತ್ನಿಯ ಹೆರಿಗೆ’ಗೆ ಗಂಡನಿಗೆ ಎರಡು ವಾರ. ಕಾರಾದಲ್ಲಿ ಹೆಸರು ನೋಂದಾಯಿಸಿ, ಗೃಹ ಅಧ್ಯಯನ ವರದಿಯಾಗಿ ವರ್ಷಗಳು ಕಳೆದಿವೆ. ವರ್ಷ 2023 ಎಂದಿಟ್ಟುಕೊಳ್ಳೋಣ.

ಜೂನ್ 5, ಸೋಮವಾರ, ಮೊಬೈಲಿಗೆ ಸಂದೇಶ ಬರುತ್ತದೆ. ಕಲಬುರಗಿಯ ವಿಶೇಷ ದತ್ತು ಸಂಸ್ಥೆಯೊಂದರಲ್ಲಿರುವ ಏಳು ತಿಂಗಳ ಹೆಣ್ಣುಮಗು. ಬುಧವಾರದೊಳಗೆ ಕಾಯ್ದಿರಿಸುತ್ತಾರೆ. ಮಗುವಿನ ಅಧ್ಯಯನ ವರದಿ ಮತ್ತು ವೈದ್ಯಕೀಯ ವರದಿಯನ್ನು ತಮ್ಮ ಮಕ್ಕಳ ವೈದ್ಯರಿಗೆ ತೋರಿಸುತ್ತಾರೆ. ಜೂನ್ 12ಕ್ಕೆ ಕಲಬುರಗಿಗೆ ಹೋಗಿ ಮಗುವನ್ನು ನೋಡಿ ಒಪ್ಪಿಗೆ ಬರೆದುಕೊಡುತ್ತಾರೆ. ಜೂನ್ 20ರಂದು ಪೋಷಣಾ ಮುಚ್ಚಳಿಕೆಗೆ ಸಹಿ ಹಾಕಿ ಮಗುವನ್ನು ಎತ್ತಿಕೊಂಡು ಬೆಂಗಳೂರಿಗೆ ಬರುತ್ತಾರೆ. ಸಂದೇಶ ಬಂದ ಹದಿನೈದನೆಯ ದಿನಕ್ಕೆ ಮಗು ಮನೆಯಲ್ಲಿ.

ಕಾನೂನಿನ ಪ್ರಕಾರ ದತ್ತು ಅಂದಿಗೆ ಪೂರ್ಣವಾಗಿಲ್ಲ. ಸಂಸ್ಥೆ ದತ್ತು ಆದೇಶಕ್ಕಾಗಿ ಅರ್ಜಿ ಹಾಕಬೇಕು. 2022ರ ಸೆಪ್ಟೆಂಬರ್ 1ರಿಂದ ಈ ಆದೇಶ ಕೊಡುವ ಅಧಿಕಾರ ನ್ಯಾಯಾಲಯದಿಂದ ಜಿಲ್ಲಾಧಿಕಾರಿಗೆ ಬಂದಿದೆ. ಅವರಿಗೆ ಎರಡು ತಿಂಗಳ ಕಾಲಾವಕಾಶ. ಎಲ್ಲ ಸುಸೂತ್ರವಾದರೆ ಆದೇಶ ಆಗಸ್ಟ್ ಕೊನೆಗೆ ಕೈ ಸೇರೀತು. ದಂಪತಿಯನ್ನೇ ಹೆತ್ತವರೆಂದು ತೋರಿಸುವ ಜನನ ಪ್ರಮಾಣಪತ್ರ ಅದರ ನಂತರ.

ಎಚ್‌ಆರ್ ವಿಭಾಗ ‘ದತ್ತು ಆದೇಶದ ಪ್ರತಿ ಕಳಿಸಿ, ಆ ದಿನದಿಂದ ರಜೆ ಮಂಜೂರು ಮಾಡುತ್ತೇವೆ’ ಎಂದರೆ ಏನಾಗುತ್ತದೆ ನೋಡಿ. ಜೂನ್ 20ರಿಂದ ಆಗಸ್ಟ್ ಕೊನೆಯವರೆಗೆ ಹತ್ತು ವಾರ. ಮಗು ಹೊಸ ಮನೆಯ ವಾಸನೆ, ಸದ್ದು, ಮುಖಗಳಿಗೆ ಒಗ್ಗಿಕೊಳ್ಳುವ ಆ ಹತ್ತು ವಾರವೂ ತಾಯಿ ಗಳಿಕೆ ರಜೆಯಲ್ಲೋ ಸಂಬಳವಿಲ್ಲದೆಯೋ ಇರಬೇಕು. ರಜೆ ಶುರುವಾಗುವ ಹೊತ್ತಿಗೆ ರಜೆಯ ಅತಿ ಅಗತ್ಯದ ಭಾಗ ಕಳೆದುಹೋಗಿರುತ್ತದೆ.

ಎಚ್‌ಆರ್ ಹಾಗೆ ಕೇಳುವುದಕ್ಕೆ ಒಂದು ಕಾರಣವೂ ಇದೆ. ಬಾಲನ್ಯಾಯ ಕಾಯ್ದೆಯ 63ನೇ ಕಲಂ, ದತ್ತು ಮಗು ಎಲ್ಲ ಉದ್ದೇಶಗಳಿಗೂ ದತ್ತು ಪಡೆದವರಿಗೇ ಹುಟ್ಟಿದ ಮಗುವಿಗೆ ಸಮ ಎನ್ನುತ್ತದೆ. ಅರ್ಜಿದಾರರು ಹೆಚ್ಚಾಗಿ ಇದನ್ನೇ ಮುಂದಿಡುತ್ತಾರೆ. ಆದರೆ ಆ ಕಲಂ ಕೆಲಸ ಮಾಡುವುದು ದತ್ತು ಆದೇಶ ಜಾರಿಯಾದ ದಿನದಿಂದ. ಅದೊಂದನ್ನೇ ನೆಚ್ಚಿದರೆ ‘ಆದೇಶ ಬರಲಿ’ ಎಂಬ ಮಾತಿಗೆ ದಂಪತಿಯೇ ದಾರಿ ಮಾಡಿಕೊಟ್ಟಂತೆ. ಅದಕ್ಕಾಗಿಯೇ ಜೊತೆಗೆ ಹೆರಿಗೆ ಸೌಲಭ್ಯದ ಕಲಮನ್ನೂ ತೋರಿಸಬೇಕು. ಅದರಲ್ಲಿ ರಜೆಯ ಎಣಿಕೆ ಶುರುವಾಗುವುದು ಮಗುವನ್ನು ತಾಯಿಗೆ ಒಪ್ಪಿಸಿದ ದಿನದಿಂದ. ಆದೇಶದ ದಿನಕ್ಕೂ ಆ ಎಣಿಕೆಗೂ ಸಂಬಂಧವಿಲ್ಲ. 63ನೇ ಕಲಂ ಮಗುವಿನ ಸ್ಥಾನಮಾನಕ್ಕೆ ಆಧಾರ, ಹೆರಿಗೆ ಸೌಲಭ್ಯದ ಕಲಂ ದಿನಾಂಕಕ್ಕೆ ಆಧಾರ. ಈ ಎರಡನ್ನು ಬೇರೆ ಬೇರೆಯಾಗಿ ಇಟ್ಟರೆ ಅರ್ಜಿಗೆ ಗಟ್ಟಿತನ ಬರುತ್ತದೆ.

ಹಾಗಾದರೆ ಜೂನ್ 20ಕ್ಕೆ ಸಾಕ್ಷಿ ಯಾವುದು? ಮಗುವನ್ನು ದತ್ತುಪೂರ್ವ ಪೋಷಣೆಗೆ ಒಪ್ಪಿಸುವಾಗ ಸಹಿಯಾದ ಮುಚ್ಚಳಿಕೆ ಅಥವಾ ದಿನಾಂಕ ನಮೂದಿಸಿ ದತ್ತು ಸಂಸ್ಥೆ ಕೊಡುವ ಪತ್ರ. ಇದರ ಜೊತೆ ‘ದತ್ತು ಆದೇಶ ಬಂದ ಕೂಡಲೇ ಪ್ರತಿ ಸಲ್ಲಿಸುತ್ತೇವೆ’ ಎಂದು ಬರೆದುಕೊಟ್ಟರೆ ಕಂಪನಿಯ ಲೆಕ್ಕಪತ್ರಕ್ಕೂ ಅಷ್ಟು ಸಾಕು. ಮಗುವಿನ ಅಧ್ಯಯನ ವರದಿ ಮತ್ತು ವೈದ್ಯಕೀಯ ವರದಿಯನ್ನು ಮಾತ್ರ ಯಾವ ಕಾರಣಕ್ಕೂ ಕಚೇರಿಗೆ ಕಳಿಸಬಾರದು. ಮಗು ಎಲ್ಲಿ ಸಿಕ್ಕಿತು, ಹೆತ್ತವರ ಹಿನ್ನೆಲೆ ಏನು ಎಂಬುದೆಲ್ಲ ಅವುಗಳಲ್ಲಿ ಇರಬಹುದು. ದತ್ತು ದಾಖಲೆಗಳು ಗೋಪ್ಯವಾಗಿರಬೇಕೆಂದು ನಿಯಮಾವಳಿಯೇ ಹೇಳುತ್ತದೆ. ಒಂದು ಮೇಲಿಗೆ ಅಂಟಿಸಿ ಕಳಿಸಿದ ಕಾಗದ ಎಷ್ಟು ಜನರ ಕಂಪ್ಯೂಟರಿನಲ್ಲಿ ಉಳಿಯುತ್ತದೆ ಎಂಬುದು ಮಗುವಿನ ಬದುಕಿನ ಪ್ರಶ್ನೆ.

‘ಹೆತ್ತಿಲ್ಲವಲ್ಲ, ಇಷ್ಟು ರಜೆ ಏಕೆ?’

ಈ ಪ್ರಶ್ನೆಯನ್ನು ಯಾರೂ ಮೇಲ್‌ನಲ್ಲಿ ಬರೆಯುವುದಿಲ್ಲ. ಸಭೆಯಲ್ಲಿ ಕೇಳುತ್ತಾರೆ, ಕೆಲವೊಮ್ಮೆ ಹಿತೈಷಿಗಳೇ ಕೇಳುತ್ತಾರೆ. ಉತ್ತರಕ್ಕಾಗಿ ಭಾವನೆಯ ಮಾತುಗಳನ್ನು ಹುಡುಕಬೇಕಿಲ್ಲ, ಹೆರಿಗೆ ಸೌಲಭ್ಯ ಕಾಯ್ದೆಯಲ್ಲೇ ಅದು ಇದೆ. ಹೆರಿಗೆಯಾದ ಆರು ವಾರಗಳವರೆಗೆ ಮಹಿಳೆಯನ್ನು ಕೆಲಸಕ್ಕೆ ಹಚ್ಚಲೇಬಾರದು ಎಂದು ಆ ಕಾಯ್ದೆ ಹೇಳಿತು. ಗರ್ಭಪಾತವಾದರೆ ಕೊಡುವ ರಜೆಯೂ ಆರು ವಾರ. ಅಂದರೆ ದೇಹ ಸುಧಾರಿಸಿಕೊಳ್ಳಲು ಕಾನೂನೇ ಇಟ್ಟ ಅಳತೆ ಆರು ವಾರ. ಹೆತ್ತ ತಾಯಿಯ 26 ವಾರದಲ್ಲಿ ಹೆರಿಗೆಗೆ ಮೊದಲು ಬಳಸಬಹುದಾದದ್ದು ಹೆಚ್ಚೆಂದರೆ ಎಂಟು ವಾರ. ಅದನ್ನೂ ಈ ಆರನ್ನೂ ಕಳೆದರೂ ಹನ್ನೆರಡು ವಾರ ಉಳಿಯುತ್ತದೆ. ಆ ವಾರಗಳು ಇರುವುದು ಮಗುವಿನ ಆರೈಕೆಗಾಗಿ. ದತ್ತು ತಾಯಿ ಕೇಳುವುದು ಆ ವಾರಗಳನ್ನೇ.

ಏಳು ತಿಂಗಳ ಮಗುವಿಗೆ ಈ ಆರೈಕೆ ಕಡಿಮೆ ಬೇಕೇ? ಆ ವಯಸ್ಸಿಗೆ ಮಗು ಪರಿಚಿತ ಮುಖವನ್ನು ಗುರುತಿಸುತ್ತದೆ, ಹೊಸಬರನ್ನು ಕಂಡರೆ ಅಳುತ್ತದೆ. ಶಿಶುಗೃಹದಲ್ಲಿ ಪಾಳಿಯ ಮೇಲೆ ಬದಲಾಗುವ ಆಯಾಗಳ ಕೈಯಲ್ಲಿ ಬೆಳೆದ ಮಗು ಒಂದೇ ದಿನದಲ್ಲಿ ತಿಳಿದ ಮುಖಗಳನ್ನೆಲ್ಲ ಕಳೆದುಕೊಂಡು ಬಂದಿರುತ್ತದೆ. ಹಾಲಿನ ಪುಡಿ ಬದಲಾಗಬಹುದು, ನಿದ್ದೆಯ ಹೊತ್ತು ಬದಲಾಗುತ್ತದೆ, ಉಳಿದ ಲಸಿಕೆ ಹಾಕಿಸಬೇಕು, ತೂಕ ನೋಡಿಸಬೇಕು. ತನ್ನ ಅಳುವಿಗೆ ಪ್ರತಿಸಲವೂ ಅದೇ ವ್ಯಕ್ತಿ ಓಡಿಬರುತ್ತಾರೆ ಎಂಬುದು ಮಗುವಿಗೆ ತಿಂಗಳುಗಟ್ಟಲೆ ಅನುಭವದಿಂದ ಗೊತ್ತಾಗಬೇಕು. ದೊಡ್ಡ ಮಗುವಾದರೆ ಬೇರೆ ಕಷ್ಟಗಳು. ಮಾತು ಬರುವ ಮಗು ‘ನನ್ನನ್ನು ವಾಪಸ್ ಕಳಿಸುತ್ತೀರಾ?’ ಎಂದು ಕೇಳಿಬಿಡಬಹುದು. ವಯಸ್ಸು ಹೆಚ್ಚಾದಂತೆ ಹೊಂದಿಕೊಳ್ಳುವ ಕೆಲಸ ಹಗುರವಾಗುತ್ತದೆ ಎಂದು ಮಕ್ಕಳೊಡನೆ ಕೆಲಸ ಮಾಡುವ ಯಾರೂ ಹೇಳುವುದಿಲ್ಲ.

ಅರ್ಜಿ ಬರೆಯುವ ಬಗೆ

ಗರ್ಭಿಣಿ ಉದ್ಯೋಗಿ ತಿಂಗಳುಗಳ ಮೊದಲೇ ರಜೆಯ ಸೂಚನೆ ಕೊಡಬಲ್ಲಳು. ದತ್ತು ದಂಪತಿಗೆ ಹದಿನೈದು ದಿನವೂ ಸಿಗದಿರಬಹುದು. ಅದಕ್ಕೇ ಮೊದಲ ಪತ್ರವನ್ನು ಸಂದೇಶ ಬರುವುದಕ್ಕಿಂತ ಬಹಳ ಮೊದಲು ಬರೆಯುವುದು ಒಳ್ಳೆಯದು. ಗೃಹ ಅಧ್ಯಯನ ವರದಿಗೆ ಅನುಮೋದನೆ ಸಿಕ್ಕ ಮೇಲೆ, ‘ನಾವು ಕಾರಾದಲ್ಲಿ ನೋಂದಾಯಿತರು, ಯಾವಾಗ ಬೇಕಾದರೂ ಕರೆ ಬರಬಹುದು, ಪಾಲಿಸಿಯಲ್ಲಿ ದತ್ತಿನ ಪ್ರಸ್ತಾಪವಿಲ್ಲ, ಕಂಪನಿಯ ನಿಲುವು ತಿಳಿಸಿ’ ಎಂದು ಕೇಳಬಹುದು. ಆಗ ಯಾರಿಗೂ ಅವಸರವಿರುವುದಿಲ್ಲ, ಎಚ್‌ಆರ್‌ಗೆ ಕಾನೂನು ವಿಭಾಗವನ್ನು ವಿಚಾರಿಸಲು ಸಮಯ ಸಿಗುತ್ತದೆ. ಮಗು ಬಂದ ವಾರದಲ್ಲಿ ಈ ಪತ್ರ ವ್ಯವಹಾರ ಶುರುವಾದರೆ ‘ಸದ್ಯಕ್ಕೆ ಗಳಿಕೆ ರಜೆ ಹಾಕಿಕೊಳ್ಳಿ, ಆಮೇಲೆ ನೋಡೋಣ’ ಎಂಬಲ್ಲಿಗೆ ಬಂದು ನಿಲ್ಲುವ ಸಂಭವವೇ ಹೆಚ್ಚು.

ಎರಡನೆಯ ಪತ್ರ, ಮಗು ನಿಶ್ಚಯವಾದ ಮೇಲಿನದು, ಚಿಕ್ಕದಾಗಿರಲಿ. ಗಂಡ ಹೆಂಡತಿ ಇಬ್ಬರೂ ಒಂದೇ ಕಂಪನಿಯವರಾದರೂ ಅರ್ಜಿ ಬೇರೆ ಬೇರೆ ಇರಬೇಕು. ಹೆಂಡತಿಯದಕ್ಕೆ ಕಾನೂನಿನ ಆಸರೆ ಇದೆ, ಗಂಡನದು ಕಂಪನಿಯ ಪಾಲಿಸಿಯ ಮೇಲೆ ನಿಂತದ್ದು. ಒಂದೇ ಕಾಗದದಲ್ಲಿ ಬೆರೆಸಿದರೆ ಎರಡಕ್ಕೂ ಒಂದೇ ಉತ್ತರ ಬಂದೀತು. ಮೇಲಿನ ಉದಾಹರಣೆಯ ತಾಯಿ ಬರೆಯಬಹುದಾದದ್ದು ಹೀಗೆ:

‘ದತ್ತುಪೂರ್ವ ಪೋಷಣೆಗಾಗಿ ನಮ್ಮ ಮಗುವನ್ನು ಜೂನ್ 20ರಂದು ನಮಗೆ ಒಪ್ಪಿಸಲಾಗುವುದು. ಕಂಪನಿಯ ಪಾಲಿಸಿ ಹೆತ್ತ ತಾಯಿಗೆ 26 ವಾರ ಕೊಡುತ್ತದೆ, ದತ್ತಿನ ಬಗ್ಗೆ ಏನನ್ನೂ ಹೇಳುವುದಿಲ್ಲ. ಪಾಲಿಸಿಯಲ್ಲಿರುವ ವಿಶೇಷ ಸಂದರ್ಭದ ಅವಕಾಶದಡಿ ಜೂನ್ 20ರಿಂದ 26 ವಾರಗಳ ಸಂಬಳಸಹಿತ ರಜೆ ಕೋರುತ್ತೇನೆ. ಕೇಂದ್ರ ಸರ್ಕಾರ ತನ್ನ ನೌಕರರಿಗೆ ಒಂದು ವರ್ಷದೊಳಗಿನ ದತ್ತು ಮಗುವಿಗಾಗಿ 180 ದಿನ ಕೊಡುತ್ತಿರುವುದನ್ನು ಗಮನಕ್ಕೆ ತರುತ್ತೇನೆ. ಪೂರ್ಣ ಅವಧಿ ಸಾಧ್ಯವಾಗದಿದ್ದರೆ, ಕಾನೂನು ದತ್ತು ತಾಯಿಗೆ ಹೇಳಿರುವ 12 ವಾರಗಳನ್ನಾದರೂ ಮಗುವಿನ ವಯಸ್ಸನ್ನು ನೋಡದೆ ಮಂಜೂರು ಮಾಡಿ, ಉಳಿದ ವಾರಗಳಲ್ಲಿ ಮನೆಯಿಂದ ಕೆಲಸ ಮಾಡಲು ಅವಕಾಶ ಕೊಡಬೇಕಾಗಿ ವಿನಂತಿ.’

ಕೊನೆಯ ವಾಕ್ಯ ಮುಖ್ಯ. ಮೇಲಿನ ಕೋರಿಕೆಯೊಂದನ್ನೇ ಇಟ್ಟರೆ ಎಚ್‌ಆರ್‌ಗೆ ಉಳಿಯುವುದು ಹೌದು, ಇಲ್ಲ ಎಂಬ ಎರಡೇ ಉತ್ತರ. ನಡುವಿನ ದಾರಿಯನ್ನು ಅರ್ಜಿಯೇ ತೋರಿಸಿದರೆ ಚರ್ಚೆ ವಾರಗಳ ಸಂಖ್ಯೆಯ ಮೇಲೆ ನಡೆಯುತ್ತದೆ. ಗಂಡ ತನ್ನ ಅರ್ಜಿಯಲ್ಲಿ ಪಾಲಿಸಿಯ ಎರಡು ವಾರವನ್ನು ‘ಪತ್ನಿಯ ಹೆರಿಗೆ’ಯ ಬದಲು ‘ಮಗು ಮನೆಗೆ ಬಂದ ದಿನ’ಕ್ಕೆ ಅನ್ವಯಿಸಿ ಎಂದು ಕೇಳಿದರೆ ಸಾಕು. ಹೆಚ್ಚುವರಿ ರಜೆಯ ಕೋರಿಕೆ ಅದರಲ್ಲಿಲ್ಲ. ಬದಲಾಗುವುದು ಎಣಿಕೆಯ ಮೊದಲ ದಿನವಷ್ಟೇ. ಇದಲ್ಲದೆ ಮಗುವನ್ನು ನೋಡಲು, ಕರೆತರಲು, ಜಿಲ್ಲಾಧಿಕಾರಿ ಕಚೇರಿಗೆ ಹೋಗಲು ಇಬ್ಬರಿಗೂ ಬಿಡಿ ದಿನಗಳು ಬೇಕಾಗುತ್ತವೆ. ಅವನ್ನು ಮುಖ್ಯ ರಜೆಯಲ್ಲಿ ಸೇರಿಸದೆ ಪ್ರತ್ಯೇಕವಾಗಿ ಕೇಳಬೇಕು.

ಉತ್ತರ ಬಂದಾಗ ವಾರಗಳ ಸಂಖ್ಯೆಯ ಜೊತೆ ರಜೆಯ ಹೆಸರನ್ನೂ ನೋಡಬೇಕು. ‘ಸಂಬಳವಿಲ್ಲದ ರಜೆ, ಆದರೆ ಕಂಪನಿ ಒಮ್ಮೆಗೆ ಇಷ್ಟು ಹಣ ಕೊಡುತ್ತದೆ’ ಎಂಬ ಏರ್ಪಾಡು ಕೈಗೆ ಬರುವ ಮೊತ್ತದಲ್ಲಿ ಸಮನಾಗಿ ಕಾಣಬಹುದು. ಆದರೆ ಸಂಬಳವಿಲ್ಲದ ತಿಂಗಳು ಭವಿಷ್ಯನಿಧಿಗೆ ಹಣ ಸೇರುವುದಿಲ್ಲ, ಗಳಿಕೆ ರಜೆಯೂ ಸೇರದಿರಬಹುದು, ವರ್ಷಾಂತ್ಯದ ಮೌಲ್ಯಮಾಪನದಲ್ಲಿ ಆ ಅವಧಿಯನ್ನು ಗೈರುಹಾಜರಿಯಂತೆ ನೋಡುವ ಅಪಾಯವೂ ಇದೆ. ಮಂಜೂರಾತಿ ಪತ್ರದಲ್ಲಿ ‘ಸಂಬಳಸಹಿತ ದತ್ತು ರಜೆ’ ಎಂದೇ ಬರೆಸಿಕೊಂಡರೆ ಈ ತಕರಾರುಗಳಿಗೆ ಎಡೆ ಇರುವುದಿಲ್ಲ. ಕಾನೂನಿನ ಮಿತಿಯೊಳಗೆ ಬರುವ ತಾಯಿಗೂ ರಜೆ ನಿರಾಕರಿಸಿದರೆ ವಿಷಯ ಕಂಪನಿಯ ಔದಾರ್ಯಕ್ಕೆ ಬಿಟ್ಟದ್ದಲ್ಲ. ಕಾರ್ಮಿಕ ಇಲಾಖೆಗೆ ದೂರು ಕೊಡಬಹುದು. ದೂರಿನ ಜೊತೆ ಇಡಲು ಮೇಲ್‌ನಲ್ಲಿ ಬಂದ ನಿರಾಕರಣೆ ಬೇಕು. ಹಾಗಾಗಿ ಬಾಯಿಮಾತಿನ ‘ಇಲ್ಲ’ವನ್ನು ಒಂದು ಸಾಲಿನ ಮೇಲ್ ಆಗಿಯಾದರೂ ಕೇಳಿ ಪಡೆಯಬೇಕು.

ಪಾಲಿಸಿಯನ್ನೇ ತಿದ್ದಲು ಒಪ್ಪುವ ಕಂಪನಿಗೆ ಕೆಲಸ ಸಣ್ಣದು. ‘ಹೆರಿಗೆಯ ದಿನಾಂಕ’ ಎಂದಿರುವಲ್ಲೆಲ್ಲ ‘ಅಥವಾ ಮಗುವನ್ನು ಒಪ್ಪಿಸಿದ ದಿನಾಂಕ’ ಎಂದು ಸೇರಿಸಬೇಕು. ವೈದ್ಯರ ಪ್ರಮಾಣಪತ್ರದ ಬದಲಿಗೆ ದತ್ತು ಸಂಸ್ಥೆಯ ಪತ್ರವೂ ನಡೆಯುತ್ತದೆ ಎನ್ನಬೇಕು. ಮುಂಗಡ ಸೂಚನೆಯ ಅವಧಿಯನ್ನು ದತ್ತಿನ ವಿಷಯದಲ್ಲಿ ಸಡಿಲಿಸಬೇಕು. ಮಗುವಿನ ವಯಸ್ಸಿನ ಮಿತಿ ಹಾಕುವುದಾದರೆ ಅದು ಕಾರಾದ ಪ್ರಕ್ರಿಯೆಗೆ ತಗಲುವ ಸಮಯವನ್ನು ಲೆಕ್ಕಕ್ಕೆ ತೆಗೆದುಕೊಂಡಿರಬೇಕು. ಗುಂಪು ಆರೋಗ್ಯ ವಿಮೆಯ ಫಾರಂ ಅನ್ನೂ ಇದರ ಜೊತೆಗೇ ನೋಡುವುದು ಒಳ್ಳೆಯದು. ಜನನ ಪ್ರಮಾಣಪತ್ರ ಇಲ್ಲದೆ ಮಗುವಿನ ಹೆಸರು ಸೇರಿಸುವುದಿಲ್ಲ ಎಂಬ ಷರತ್ತಿದ್ದರೆ, ಜೂನ್ 20ಕ್ಕೆ ಮನೆಗೆ ಬಂದ ಮಗುವಿಗೆ ಸೆಪ್ಟೆಂಬರ್ ಬಂದರೂ ವಿಮೆ ಇರುವುದಿಲ್ಲ. ಒಪ್ಪಿಸಿದ ದಿನದಿಂದಲೇ ಮಗುವನ್ನು ಸೇರಿಸಿಕೊಳ್ಳುವಂತೆ ವಿಮಾ ಕಂಪನಿಯನ್ನು ಕೇಳಬೇಕಾದದ್ದು, ಒಪ್ಪಂದಕ್ಕೆ ಸಹಿ ಹಾಕಿರುವ ಎಚ್‌ಆರ್ ವಿಭಾಗವೇ.

ದತ್ತು ಆದೇಶದೊಂದಿಗೆ ಎಲ್ಲ ಮುಗಿಯುವುದೂ ಇಲ್ಲ. ಮಗು ಮನೆಗೆ ಬಂದ ಮೇಲೆ ಎರಡು ವರ್ಷಗಳವರೆಗೆ ಆರು ತಿಂಗಳಿಗೊಮ್ಮೆ ಸಮಾಜ ಕಾರ್ಯಕರ್ತರು ಮನೆಗೆ ಬಂದು, ಮಗು ಹೇಗಿದೆ ಎಂದು ನೋಡಿ ವರದಿ ಬರೆಯುತ್ತಾರೆ. ಉದಾಹರಣೆಯ ದಂಪತಿಗೆ ಅಂಥ ಮೊದಲ ಭೇಟಿ ಡಿಸೆಂಬರಿನಲ್ಲಿ. ಜೂನ್ 20ರಿಂದ ಎಣಿಸಿದ 26 ವಾರ ಮುಗಿಯುವುದೂ ಅದೇ ಹೊತ್ತಿಗೆ. ಅಂದು ಗಂಡ ಹೆಂಡತಿ ಇಬ್ಬರೂ ಮನೆಯಲ್ಲಿರಲು ಬೇಕಾದ ಆ ಒಂದು ದಿನದ ರಜೆಯನ್ನೂ ಜೂನ್ ತಿಂಗಳ ಅರ್ಜಿಯಲ್ಲೇ ಬರೆದಿಟ್ಟರೆ, ಮತ್ತೊಮ್ಮೆ ವಿವರಿಸುವ ಕೆಲಸ ತಪ್ಪುತ್ತದೆ.